ಆರನೆಯ ಸ್ಲೈಡಿನ ಸೌದೆ ರಾಶಿ

ಗೋಣಿಬೀಡಿನ ಮೇಘಶ್ರೀ ಸಣ್ಣ ಕಾಫಿ ಬೆಳೆಗಾರರಿಗಾಗಿ ಇನ್‌ಸ್ಟಾಗ್ರಾಂ ಪುಟವೊಂದನ್ನು ನಡೆಸುತ್ತಾಳೆ. ಕಳೆದ ಬೇಸಿಗೆಯಲ್ಲಿ, ಅರೇಬಿಕಾ ಗಿಡವನ್ನು ಒಳಗಿನಿಂದಲೇ ತಿಂದು ಕೊಲ್ಲುವ ಬಿಳಿ ಕಾಂಡಕೊರಕದ ಕುರಿತು ಒಂದೊಂದಾಗಿ ಸರಿಸಿ ನೋಡುವ ಎಂಟು ಸ್ಲೈಡ್‌ಗಳ ಕ್ಯಾರೊಸೆಲ್ ಹಾಕಿದಳು. ಆರನೆಯದರಲ್ಲಿ ಅವಳದೇ ಕೊಟ್ಟಿಗೆಯ ಪಕ್ಕದ ಸೌದೆ ರಾಶಿಯ ಚಿತ್ರ. ಅದರ ಮೇಲೆ, ‘ಹುಳ ಬಿದ್ದ ಗಿಡ ಕಿತ್ತು ಒಟ್ಟಿಬಿಡಿ, ಒಲೆಗೂ ಆಯಿತು’ ಎಂಬ ಸಾಲು.

ಚಿಕ್ಕಮಗಳೂರಿನ ಕಡೆಯ ದೊಡ್ಡ ಬೆಳೆಗಾರ ರುದ್ರೇಶ್ ಕೆಳಗೆ ಬರೆದಿದ್ದ: ‘ಒಟ್ಟಿದ ಸೌದೆಯಿಂದ್ಲೇ ಆ ಹುಳ ದುಂಬಿಯಾಗಿ ಹೊರಗೆ ಬರತ್ತೆ ಕಣೇ. ನಿಂಗ್ಯಾಕೆ ತೋಟದ ಮಾತು? ಸೊಂಟ ಕುಣಿಸಿ ರೀಲ್ಸ್ ಮಾಡು, ನಾಕು ಜನ ನೋಡ್ತಾರೆ.’

ಅದರಡಿ ನಗುವಿನ ಗುರುತುಗಳು ಸಾಲುಗಟ್ಟಿದ್ದವು. ಮೇಘಶ್ರೀ ಫೋನನ್ನು ಪಕ್ಕಕ್ಕೆ ಚಾಚಿ ತೋರಿಸಿದಳು.

“ಬ್ಲಾಕ್ ಮಾಡು ಮಾರಾಯ್ತಿ. ಆ ಕಾಮೆಂಟೂ ತೆಗೆದು ಬಿಸಾಕು,” ಎಂದ ಗಂಡ ನಂದನ್.

“ತೆಗೆದ್ರೆ ದುಂಬಿ ಹಾರೋದು ನಿಲ್ಲತ್ತಾ?”

“ಅಂದ್ರೆ ಅವ ಹೇಳಿದ್ದು ಸರಿನಾ?”

ಅವಳು ಹೊರಗೆ ಹೋಗಿ, ರಾಶಿಯಿಂದ ಕಾಂಡವೊಂದನ್ನು ಎಳೆದು ಕತ್ತಿಯಿಂದ ಸೀಳಿದಳು. ಹುಡಿ ತುಂಬಿದ ಸುರಂಗದಲ್ಲಿ ಹಳದಿ ಬಿಳುಪಿನ ಮರಿಹುಳು ಮಿಸುಕಾಡಿತು. ಅತ್ತೆ ಶಂಕರಮ್ಮ ಮೂಗಿಗೆ ಸೆರಗು ಹಿಡಿದರು.

“ಥೂ! ಇದನ್ನ ಊರಿಗೆಲ್ಲ ಇಟ್ಕೊಳ್ಳಿ ಅಂದ್ಯಲ್ಲೇ!”

“ಅಂದೆ ಅತ್ತೆ. ಮೊದಲ ಮಳೆ ಬೀಳೋದ್ರೊಳಗೆ ಅದು ತಪ್ಪು ಅಂತಾನೂ ಅನ್ನಬೇಕು.”

ಮಳೆ ಬಿದ್ದರೆ ದುಂಬಿಗಳು ಹೊರಬಂದು ಪಕ್ಕದವರ ಗಿಡಗಳಲ್ಲೂ ಮೊಟ್ಟೆಯಿಡುತ್ತವೆ. ಸ್ಲೈಡ್ ಆಗಲೇ ನೂರಾರು ಫೋನುಗಳಲ್ಲಿತ್ತು.

ಒಳಗೆ ಕುಳಿತು ಮೂರು ಬಾರಿ ಕಟುವಾಗಿ ಬರೆದು ಅಳಿಸಿದಳು. ನಾಲ್ಕನೆಯದನ್ನು ಕಳಿಸಿದಳು: ‘ರುದ್ರೇಶ್ ಅವರೇ, ಸೌದೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ತಪ್ಪು ನನ್ನದು, ತಿದ್ದುತ್ತಿದ್ದೇನೆ. ಉಳಿದ ಮಾತು ಇಲ್ಲಿಗೆ ಸಲ್ಲದು.’ ‘ಸರಿ’ ಎಂಬ ಪದವನ್ನು ಬರೆಯುವಾಗ ಎಂಜಲು ನೆಕ್ಕಿದಂತೆನಿಸಿತ್ತು.

ಆ ಪುಟದಲ್ಲಿ ಒಮ್ಮೆ ಹಾಕಿದ ಚಿತ್ರದ ಜಾಗದಲ್ಲಿ ಬೇರೆಯದನ್ನು ಕೂರಿಸಲು ಬಾರದು. ಆದ್ದರಿಂದ ಆರನೆಯ ಸ್ಲೈಡನ್ನು ಅಳಿಸಿ, ಅಡಿಬರಹದ ಮೊದಲ ಸಾಲಿಗೇ ತಿದ್ದುಪಡಿ ಸೇರಿಸಿದಳು: ‘ಸೌದೆ ಒಟ್ಟಿಡಿ ಎಂದಿದ್ದ ಸ್ಲೈಡ್ ತಪ್ಪು. ಕಿತ್ತ ಗಿಡಗಳನ್ನು ಕೂಡಲೇ ಸುಡಿ.’ ಅದನ್ನೇ ಕಾಮೆಂಟಾಗಿ ಬರೆದು ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದಳು. ಸೀಳಿದ ಕಾಂಡದ ಚಿತ್ರದೊಡನೆ ಹೊಸ ಕ್ಯಾರೊಸೆಲ್ ಹಾಕಿದಳು. ‘ಇದು ನಮ್ಮ ಮನೆಯದೇ ರಾಶಿ’ ಎಂಬುದನ್ನೂ ಮುಚ್ಚಿಡಲಿಲ್ಲ.

ರುದ್ರೇಶನ ಉತ್ತರ ಬಂತು: ‘ಗುಡ್ ಗರ್ಲ್.’

“ಇದಕ್ಕೇನಂತೀಯಾ?” ಎಂದ ನಂದನ್.

“ಏನೂ ಇಲ್ಲ. ತಿದ್ದೋ ಅಂಥದ್ದು ಇದರಲ್ಲಿ ಏನಿದೆ?”

ಕೆಳಗೆ ಸಂಸೆಯ ಅರ್ಚನಾ ಎಂಬಾಕೆ ಕೇಳಿದ್ದಳು: ‘ಅಕ್ಕಾ, ಹಳೇ ಸ್ಲೈಡ್ ಸ್ಕ್ರೀನ್‌ಶಾಟ್ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಈಗೇನು ಮಾಡ್ಲಿ?’

ಮೇಘಶ್ರೀ ಬರೆದಳು: ‘ಅಲ್ಲೂ ಹೊಸದನ್ನ ಹಾಕಮ್ಮ. ನಾನು ತಪ್ಪು ಹೇಳಿದ್ದೆ ಅಂತ ನನ್ನ ಹೆಸರು ಹಿಡಿದೇ ಹೇಳು.’