ನೂರ ಮೂವತ್ತು ಡಿಗ್ರಿ

ಈಗ ನಾನು ಸಂಭಾಜಿನಗರದ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಕಲಿಸುತ್ತೇನೆ. ಅಂಗಿಯ ಮೇಲಿಂದಲೇ ಭುಜ ಅಳೆಯುವ ವಿದ್ಯಾರ್ಥಿಯನ್ನು ಕಂಡರೆ ಮೈ ಉರಿಯುತ್ತದೆ. ಬೈದು ಕಣ್ಣೀರು ಹಾಕಿಸಿದ್ದೂ ಉಂಟು. ಮೇಡಂ ಕೆಟ್ಟವರು ಅನ್ನುತ್ತಾರೆ. ಅನ್ನಲಿ, ಸುಳ್ಳೇನಲ್ಲ.

ನಾಶಿಕದಲ್ಲಿ ಕಲಿಯುವಾಗ ಹತ್ತಿರದ ಸಿನ್ನರ್ ಊರಿನ ಕಾರ್ಖಾನೆಯಿಂದ ಒಬ್ಬ ಲೇತ್ ಕೆಲಸಗಾರರು ಬಂದಿದ್ದರು. ತೋಳಿನ ಮೂಳೆ ಭುಜದ ಬಳಿ ಮುರಿದು ಕೂಡಿತ್ತು, ಕೀಲು ಬಿಗಿದಿತ್ತು. ಕೈ ಸುಧಾರಿಸುತ್ತಿದೆ ಎಂಬ ವರದಿ ಹೋದರೆ ಮಾತ್ರ ಕಾರ್ಖಾನೆ ಅವರ ಜಾಗ ಕಾಯುತ್ತಿತ್ತು. ಬೀದರ್ ಕಡೆಯವರು, ನಮ್ಮಪ್ಪನ ವಯಸ್ಸು. ನನ್ನ ಮುರುಕು ಕನ್ನಡ ಕೇಳಿಯೇ ಮುಖ ಅರಳಿತು. "ನಮ್ಮ ಕಡಿ ಕೂಸು ಸಿಕ್ಕಿದಿ. ಇನ್ನ ನನಗ ಚಿಂತಿ ಇಲ್ಲವ್ವಾ," ಎಂದರು.

ಅಂಗಿ ಬಿಚ್ಚಿಸಿ, ಅಂಗಾತ ಮಲಗಿಸಿ, ಭುಜದೆಲುಬು ಮೇಲೇಳದಂತೆ ಒತ್ತಿ ಹಿಡಿಯಬೇಕು. ಕೋನ ಅಳೆಯುವ ಗೋನಿಯೋಮೀಟರಿನ ನಡುಬಿಂದು ಭುಜದ ತುದಿಯ ಮುಂಭಾಗದಲ್ಲಿ, ಒಂದು ಪಟ್ಟಿ ಎದೆಯೆಲುಬಿಗೆ ಸಮಾನಾಂತರವಾಗಿ, ಇನ್ನೊಂದು ತೋಳಿನ ಉದ್ದಕ್ಕೆ. ಎಲ್ಲ ಬಾಯಿಪಾಠವಿತ್ತು. ಹಿರಿಯರಿಗೆ ಅಂಗಿ ಬಿಚ್ಚಿ ಅನ್ನಲು ನಾಲಿಗೆ ಏಳಲಿಲ್ಲ. ಕೂರಿಸಿಯೇ, "ಕೈ ಪಕ್ಕಕ್ಕ ಎತ್ರಿ ಕಾಕಾ," ಎಂದೆ. ನನ್ನನ್ನು ಖುಷಿಪಡಿಸಲು ಅವರು ಸೊಂಟ ವಾಲಿಸಿ, ಹೆಗಲು ಕಿವಿಗೆ ತಂದು ಎತ್ತಿದರು. ನೂರ ಮೂವತ್ತು ಎಂದು ಬರೆದೆ. ನಿಜವಾಗಿ ಎಂಬತ್ತರ ಮೇಲಿರಲಿಲ್ಲ. ಕೈಯನ್ನು ಅದರ ಭಾರಕ್ಕೆದುರಾಗಿ ಎತ್ತುತ್ತಿದ್ದರು, ಸ್ವಲ್ಪ ಒತ್ತಿದರೂ ಬಿದ್ದುಬಿಡುತ್ತಿತ್ತು. ಸ್ನಾಯುಬಲ ಐದರಲ್ಲಿ ಮೂರನೇ ದರ್ಜೆ. ಅದೊಂದು ಸರಿಯಾಗಿತ್ತು.

ಆರು ವಾರ ಬಸ್ಸಿನಲ್ಲಿ ಬಂದು ಹೋದರು. ಒತ್ತಿದರೂ ಕೈ ಬೀಳದಷ್ಟಾಯಿತು, ನಾಲ್ಕನೇ ದರ್ಜೆ. ಕೊನೆಯ ದಿನ ನಮ್ಮ ಸರ್ ತಾವೇ ಮಲಗಿಸಿ ಅಳೆದರು: ನೂರ ಹತ್ತು. ನನ್ನತ್ತ ತಿರುಗಿ, "ಮೊದಲ ಸಲ ಮಲಗಿಸಿಯೇ ಅಳೆದಿದ್ದೆ ತಾನೇ?" ಎಂದು ಮರಾಠಿಯಲ್ಲಿ ಕೇಳಿದರು. ಎರಡು ವಾರದಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ಅಂಕ ಅವರ ಕೈಯಲ್ಲಿ. "ಹೋ ಸರ್," ಹೌದೆಂದೆ. ಥೂ, ಎಷ್ಟು ಸಲೀಸಾಗಿ ಬಂತು ಆ ಮಾತು.

ಕಾರ್ಖಾನೆಯ ಡಾಕ್ಟರು ಎರಡು ಅಂಕಿ ನೋಡಿದರು: ನೂರ ಮೂವತ್ತು, ನೂರ ಹತ್ತು. ಕೈ ಕೆಡುತ್ತಿದೆ ಎಂದು ಬರೆದು ಕೆಲಸದಿಂದ ತೆಗೆಸಿದರು.

ಆ ಪತ್ರ ಹಿಡಿದು ಅವರು ನನ್ನ ಬಳಿಗೇ ಬಂದರು. "ನೀ ಅಳದಿದ್ದು ಖರೆನೇ ಅದ ಅಲ್ಲವ್ವಾ?"

"ಹೌದ್ರಿ ಕಾಕಾ."

ಅವರು ಪತ್ರ ಮಡಚಿ ಕಿಸೆಗೆ ಹಾಕಿಕೊಂಡರು. "ಹಂಗಾದ್ರ ತಪ್ಪು ನಂದೇ. ಮನ್ಯಾಗ ವ್ಯಾಯಾಮ ಕಮ್ಮಿ ಬಿತ್ತು ಕಾಣಸ್ತದ. ನೀ ಮನಸ್ಸಿಗೆ ಹಚ್ಕೋಬ್ಯಾಡ," ಎಂದರು.

ನಾನು ಹೂಂ ಎಂದೆ.