ಕುರಿ ಕರೆಯುವ ರಕಾರ

ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಮಾತು ತಿದ್ದೋದು ನನ್ನ ಕೆಲಸ. ಬಂಡೂರು ಕಡೆಯ ಕುರಿ ಸಾಕುವವರೊಬ್ಬರು ಹೆಂಡತಿ ಜೊತೆ ಬರ್ತಿದ್ದರು. ಹೊಗೆಸೊಪ್ಪು ಜಗಿದು ನಾಲಿಗೆಗೆ ಕ್ಯಾನ್ಸರ್ ಆಗಿ, ಡಾಕ್ಟರು ಎಡಗಡೆ ಅಂಚನ್ನು ಕತ್ತರಿಸಿ ತೆಗೆದಿದ್ದರು. ಜೀವ ಉಳಿದಿತ್ತು, ಮಾತು ತೊದಲಿತ್ತು.

ಲ ಬೇಗ ಬಂತು. ನಾಲಿಗೆ ತುದಿ ಹಲ್ಲಿನ ಬುಡಕ್ಕೆ ಒತ್ತಿ ನಿಂತರೆ ಗಾಳಿ ಪಕ್ಕದಿಂದ ಹೋಗುತ್ತೆ, ಒಂದೇ ಪಕ್ಕ ತೆರೆದಿದ್ದರೂ ನಡೆಯುತ್ತೆ. ತುದಿಯನ್ನ ಹಿಂದಕ್ಕೆ ಮಡಿಸಿ ಹಾಗೇ ಮಾಡಿದರೆ ಳ. ಮಡಿಸಿದ್ದನ್ನ ನಿಲ್ಲಿಸದೆ, ಅಂಗುಳ ಸವರಿಕೊಂಡು ಮುಂದಕ್ಕೆ ಬೀಸಿದರೆ ನಮ್ಮ ‘ಬುಡು’ವಿನ ಡ. ಇನ್ನು ಮಾತಿನ ರ, ತುದಿ ಒಂದು ಸಲ ತಟ್ಟಿ ಇಳಿದರೆ ಆಯ್ತು. ‘ಮರ’, ‘ಕೆರೆ’ ಸ್ಪಷ್ಟವಾಗಿ ಅಂದರು. ಕೆಲಸ ಮುಗೀತು ಅಂತ ಎದ್ದೆ.

ಅವರು ಏಳಲಿಲ್ಲ. ಹೆಂಡತಿ ಹೇಳಿದರು, “ಕುರಿ ಕರಿಯಕ್ಕೆ ‘ಟುರ್ರ್ರ್’ ಅಂತಿದ್ರು ಮೇಡಮ್ಮೋರೆ. ಈಗ ಅದು ಬರಕಿಲ್ಲ. ಕುರಿ ತಿರುಗೂ ನೋಡಕಿಲ್ಲ. ಎಲ್ಲಾನೂ ಮಾರ್ಬುಡನ ಅಂತವ್ರೆ.”

“ಇನ್ನೊಂದ್ಸಲ ನೋಡಣ, ಯಜಮಾನ್ರೆ,” ಅಂದೆ. ಅವರು ನಾಲಿಗೆ ಬಿಗಿ ಮಾಡಿ ಬಡಿದರು. ನನಗೆ ರೇಗಿತು. “ನೀವು ಬಡೀಬಾರದು. ತುದಿ ಸಡಿಲ ಬಿಡಿ, ಉಸಿರೇ ಅದನ್ನ ಅಲ್ಲಾಡಿಸಬೇಕು,” ಅಂದೆ.

ಸಡಿಲ ಬಿಟ್ಟರೂ ಬರಲಿಲ್ಲ. ಆ ಅದುರುವ ರಕಾರಕ್ಕೆ ನಾಲಿಗೆಯ ಎರಡೂ ಅಂಚು ದವಡೆ ಹಲ್ಲಿಗೆ ಒತ್ತಿಕೊಂಡು, ಗಾಳಿ ಪೂರ್ತಿ ತುದಿಗೇ ಬರಬೇಕು. ಇವರಿಗೆ ಎಡಗಡೆಯಿಂದ ಸೋರಿ ಹೋಗ್ತಿತ್ತು. ಲಕಾರಕ್ಕೆ ಅಡ್ಡಿ ಮಾಡದ ಸಂದಿ ಇದನ್ನ ಕೆಡಿಸಿತ್ತು. ಇಲ್ಲದ ಅಂಚನ್ನ ನಾನು ಎಲ್ಲಿಂದ ತರಲಿ? ಇದು ಮತ್ತೆ ಬರಲ್ಲ ಅಂತ ನೇರವಾಗಿ ಹೇಳಿಬಿಟ್ಟೆ.

ಆಮೇಲೆ ತುಟಿ ನೆನಪಾಯ್ತು. ತುಟಿ ಸಡಿಲ ಬಿಟ್ಟು ಊದಿದರೆ ಅದೂ ಹಾಗೇ ಅದುರುತ್ತೆ. ಊದಿ ತೋರಿಸಿದೆ. ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕರು. ಯಜಮಾನರು ನಗದೆ ಊದಿದರು, “ಬುರ್ರ್ರ್.”

“ಕುರಿಗೆ ಇದು ಗೊತ್ತಾಯ್ತದಾ?” ಅಂದರು.

“ನಂಗೇನು ಗೊತ್ತು, ಹೋಗಿ ಕರೀರಿ,” ಅಂದೆ.

ಕೆಲವು ವಾರ ಬಿಟ್ಟು ಅವರ ಊರಿನ ಹತ್ತಿರದ ಮಳವಳ್ಳಿಗೆ ಹೋದವಳು ಮನಸ್ಸು ತಡೆಯದೆ ಅವರ ಹೊಲಕ್ಕೂ ಹೋದೆ. ಸಂಜೆ ಅವರು ಬದುವಿನ ಮೇಲೆ ನಿಂತು ತುಟಿ ಅದುರಿಸಿದರು. ದೊಡ್ಡ ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯೋಕೆ ಬಗ್ಗಿದವು. ಅವರ ಮುಖ ಬಾಡಿತು. ಅಷ್ಟರಲ್ಲಿ ಒಂದು ಮರಿ ನೆಗೆಯುತ್ತಾ ಬಂದು ಅವರ ಕಾಲಿಗೆ ತಾಗಿ ನಿಂತಿತು. ಅದರ ಹಿಂದೆ ತಾಯಿ ಬಂತು, ತಾಯಿ ಹಿಂದೆ ಇನ್ನೆರಡು.

“ಆಪ್ರೇಸನ್ ಆದ್ಮೇಲೆ ಉಟ್ಟಿದ್ದು,” ಅಂತ ಮರಿಯನ್ನ ಎತ್ತಿಕೊಂಡರು. “ಇದ್ಕೆ ನಾನು ಮೊದ್ಲಿಂದ್ಲೂ ಇಂಗೇ ಕಣವ್ವ.”