ಮಗಳ ದನಿ ಯಾರ ಫೋನಿನಲ್ಲಿ

ನಮ್ಮ ಬೀದಿಯ ಮೂಲೆಯಲ್ಲಿ ಇಸ್ತ್ರಿ ಹಾಕುವವಳನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಾರೆ. ಅವಳಿಗೆ ಓದಲು ಬಾರದು. ಅದಕ್ಕೇ ಮದುವೆಯಾಗಿ ದೂರ ಹೋದ ಮಗಳು ದಿನವೂ ಮಾತನ್ನೇ ರೆಕಾರ್ಡ್ ಮಾಡಿ ಫೋನಿಗೆ ಕಳಿಸುತ್ತಿದ್ದಳು. ಇಸ್ತ್ರಿಯಮ್ಮ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೇಳುವಳು, ನಗುವಳು, ಕೂಡಲೇ ಅಳಿಸುವಳು.

"ಅಯ್ಯೋ, ಯಾಕೆ ಅಳಿಸ್ತೀಯೇ?" ಎಂದು ನಾನು ಕೇಳಿದರೆ, "ಬಟ್ಟೆ ಕೊಟ್ಟಾದ ಮೇಲೆ ಬುಟ್ಟಿ ಖಾಲಿ ಇರಬೇಕು ಕಣಕ್ಕಾ. ನಾಳೆ ಹೇಗಿದ್ರೂ ಹೊಸದು ಬರುತ್ತೆ" ಎನ್ನುವಳು.

ಮಗಳು ಜ್ವರದಲ್ಲಿ ತೀರಿಕೊಂಡಳು. ಆ ದನಿ ಇನ್ನೊಮ್ಮೆಯಾದರೂ ಕೇಳಬೇಕು ಎಂಬ ಒಂದೇ ಆಸೆ ಇವಳಿಗೆ ಉಳಿಯಿತು. ಮಗಳ ಫೋನು ಅಳಿಯನ ಬಳಿ ಇತ್ತು.

"ಅತ್ತೆ, ಮೆಸೇಜು ಕಳಿಸೋ ಆ್ಯಪ್ ಕಂಪನಿಗೆ ಮರಣ ಪ್ರಮಾಣಪತ್ರ ಕಳಿಸಿದೀನಿ. ಎಲ್ಲಾ ಮಾತೂ ಅವರ ಹತ್ರ ಇರುತ್ತೆ, ಕೊಡ್ತಾರೆ" ಎಂದ ಅವನು. ಇವಳು ತಿಂಗಳುಗಟ್ಟಲೆ ಕಾದಳು. ಕೊನೆಗೆ ನನ್ನನ್ನು ಕರೆದುಕೊಂಡು ಫೋನಂಗಡಿಗೆ ಹೋದಳು.

ಅಂಗಡಿಯ ಹೆಂಗಸು ತಲೆ ಅಲ್ಲಾಡಿಸಿದಳು. "ಕಂಪನಿ ಹತ್ರ ಮಾತು ಇರೋದೇ ಇಲ್ಲಮ್ಮ. ನಿಮಗೆ ತಲುಪಿದ ಮೇಲೆ ಅವರು ಇಟ್ಕೊಳ್ಳಲ್ಲ. ಮರಣ ಪ್ರಮಾಣಪತ್ರ ಕೊಟ್ರೆ ಅವಳ ಖಾತೆ ಮುಚ್ಚಬಹುದು, ಅಷ್ಟೇ. ಅವಳ ನಂಬರು ನಿಮ್ಮ ಹೆಸರಿಗೆ ಮಾಡಿಸಿಕೊಂಡರೂ ಹಳೇ ಮಾತು ಬರಲ್ಲ. ಅವಳು ತನ್ನ ಇಮೇಲ್ ಖಾತೆಲಿ ಮಾತುಗಳ ನಕಲು, ಅಂದ್ರೆ ಬ್ಯಾಕಪ್, ಇಟ್ಟಿದ್ರೆ, ಆ ಖಾತೆ ತೆಗೆಯೋಕೆ ಬಂದ್ರೆ ಮಾತ್ರ ಸಿಗುತ್ತೆ."

"ನಾನು ಅಳಿಸಿಬಿಟ್ನಲ್ಲ, ತಾಯಿ?"

"ನಿಮ್ಮ ಫೋನಲ್ಲಿ ಹೋಯ್ತು. ಕಳಿಸಿದವಳ ಫೋನಲ್ಲಿ ಹಾಗೇ ಇರುತ್ತೆ. ಅದನ್ನ ಹುಷಾರಾಗಿ ಇಟ್ಟುಕೊಳ್ಳಿ. ಇನ್ಯಾರಿಗೆ ಕಳಿಸಿದ್ಲೋ, ಅವರ ಫೋನಲ್ಲೂ ಹುಡುಕಿ."

ಅಲ್ಲಿಂದ ನೇರ ಬಸ್ಸು ಹತ್ತಿ ಅಳಿಯನ ಮನೆಗೆ ಹೋದೆವು. ಬಾಗಿಲು ತೆಗೆದ ಅವನ ಅಕ್ಕನ ಕೈಯಲ್ಲಿ ಮಗಳ ಫೋನು! ಇಸ್ತ್ರಿಯಮ್ಮ ಮಗಳಿಗೆಂದು ಹೊಲಿದುಕೊಟ್ಟ ಚೀಲದಲ್ಲೇ ಇತ್ತು.

"ಸುಮ್ನೆ ಬಿದ್ದಿತ್ತು ಅಂತ ಎಲ್ಲಾ ಅಳಿಸಿ ಅಕ್ಕಂಗೆ ಕೊಟ್ಟೆ" ಎಂದ ಅಳಿಯ, ನೆಲ ನೋಡುತ್ತ. "ಬ್ಯಾಕಪ್ಪೂ ಇಟ್ಟಿರಲಿಲ್ಲ ಅವಳು."

"ಮತ್ತೆ ಕಂಪನಿ ಅಂದೆ?"

"ನೀವು ಅಳ್ತಾ ಇದ್ರಿ ಅತ್ತೆ. ಏನೋ ಒಂದು ಹೇಳಿದೆ."

ಇವಳು ಕೂಗಲಿಲ್ಲ. "ನಿಂಗೂ ಮಾತಾಡಿ ಕಳಿಸ್ತಿದ್ದಳಲ್ಲಪ್ಪ. ಒಂದನ್ನ ಕೇಳಿಸು."

"ಅವು ನಮ್ಮಿಬ್ಬರ ಮಾತು ಅತ್ತೆ" ಎಂದು ಅವನು ತನ್ನ ಫೋನನ್ನು ಜೇಬಿಗಿಳಿಸಿಕೊಂಡ.

"ಕದ್ದು ಕೇಳೋಕೆ ಬಂದೋಳ ಹಾಗೆ ಕಂಡೆನೇನೋ ನಾನು!" ಎಂದು ಇವಳು ಮೆಟ್ಟಿಲಿಳಿದಳು.

ವಾಪಸು ಬರುವ ದಾರಿಯಲ್ಲಿ ನನ್ನ ಫೋನಿನಲ್ಲೇ ಹುಡುಕಿದೆ. ಮಗಳು ನನಗೆ ಕಳಿಸಿದ್ದು ಒಂದಿತ್ತು: "ದೊಡ್ಡಮ್ಮ, ಅಮ್ಮ ಫೋನ್ ಎತ್ತುತ್ತಿಲ್ಲ. ಸ್ವಲ್ಪ ಹೋಗಿ ನೋಡ್ತೀರಾ?"

ಇಸ್ತ್ರಿಯಮ್ಮ ಅಲ್ಲೇ ದಾರಿಬದಿಯ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ಕೇಳಿದಳು. ಅಷ್ಟರಲ್ಲಿ ಅವಳ ಫೋನಿಗೆ ಅಳಿಯನ ಕರೆ ಬಂತು. ಅವಳು ಎತ್ತಲಿಲ್ಲ.

"ಇವನ ಮಾತು ನಂಬ್ಕೊಂಡು ಸುಮ್ನಿದ್ನಲ್ಲಕ್ಕಾ. ಆಗಲೇ ಬಂದು ಕೇಳಿದ್ರೆ ಅವಳ ದನಿ ಆ ಫೋನಲ್ಲೇ ಸಿಕ್ತಿತ್ತೇನೋ" ಎಂದಳು.